ಬೆಳೆ ಬೆಲೆಯೋ, ತಕ್ಕಡಿಯೋ: ರೇಟ್ ಹೇಳುವ ಆ್ಯಪ್‌ಗೆ ಹೆಸರು ಆರಿಸುವುದು ಹೇಗೆ?

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೇಟೊ ಹರಾಜು ಶುರುವಾದರೆ ಸಾಕು, ಎಲ್ಲರ ಕಿವಿಗೂ ಫೋನು. "ಬಾಕ್ಸ್ ಎಷ್ಟಕ್ಕೆ ಹೋಯ್ತಣ್ಣ?" ಅಂತ ಊರಿನಿಂದ ಕೇಳುವವರು ಒಂದು ಕಡೆ. "ಟಾಪ್ ನಾನೂರು, ನಮ್ದು ಮುನ್ನೂರು" ಅಂತ ಯಾರ್ಡಿನಿಂದ ಹೇಳುವವರು ಇನ್ನೊಂದು ಕಡೆ. ಇವತ್ತು ಬಿಡಿಸಬೇಕೋ, ಎರಡು ದಿನ ಬಿಡಬೇಕೋ, ಕೋಲಾರಕ್ಕೆ ಹಾಕಬೇಕೋ, ಚಿಂತಾಮಣಿಗೆ ಹಾಕಬೇಕೋ ಅನ್ನೋದು ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಆ ಅಂಕಿಯನ್ನು ಫೋನಿನಲ್ಲೇ ತೋರಿಸುವ ಆ್ಯಪ್ ಒಂದನ್ನು ಮುಳಬಾಗಿಲು ಕಡೆಯ ಇಬ್ಬರು ಹುಡುಗರು ಮಾಡುತ್ತಿದ್ದಾರೆ. ಮೊದಲು ಕೋಲಾರ ಮತ್ತು ಚಿಂತಾಮಣಿಯ ಟೊಮೇಟೊ, ಆಮೇಲೆ ಬೇರೆ ತರಕಾರಿ. ಸಾಧ್ಯವಾದರೆ ಮುಂದೆ ಶಿಡ್ಲಘಟ್ಟದ ರೇಷ್ಮೆ ಗೂಡು, ತಿಪಟೂರಿನ ಕೊಬ್ಬರಿ. ಆ್ಯಪ್ ಅರ್ಧಕ್ಕೆ ಬಂದಿತ್ತು, ಹೆಸರು ಮಾತ್ರ ಇತ್ಯರ್ಥವಾಗಿರಲಿಲ್ಲ. ನಾನು ಆ್ಯಪ್‌ಗಳಿಗೆ ಕನ್ನಡದ ಪಠ್ಯ ಬರೆಯುವ ಕೆಲಸ ಮಾಡುವವಳು. ಹಾಗಾಗಿ ನಾಲ್ಕು ಹೆಸರು ಬರೆದುಕೊಂಡು ನನ್ನ ಹತ್ತಿರ ಬಂದರು. "ಅಕ್ಕ, ಇದರಲ್ಲಿ ಯಾವುದು ಅಂತ ನೀವೇ ಹೇಳಿ" ಅಂದರು.

ಆ ನಾಲ್ಕು ಹೆಸರು ಇವು: ಬೆಳೆ ಬೆಲೆ, ಮಂಡಿ ರೇಟ್, ರೇಟೂರು, ತಕ್ಕಡಿ.

ಮೊದಲೆರಡು ಹೆಸರು ಕೆಲಸವನ್ನೇ ಹೇಳುತ್ತವೆ. ಮೂರನೆಯದು ರೇಟು ಮತ್ತು ಊರು ಸೇರಿಸಿ ಅವರೇ ಕಟ್ಟಿದ ಪದ. ಮಾಲೂರು, ತಿಪಟೂರು ಇದ್ದ ಹಾಗೆ ರೇಟೂರು. ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ ಪದವೇ, ಆದರೆ ಆ್ಯಪ್ ಏನು ಮಾಡುತ್ತದೆ ಅಂತ ನೇರವಾಗಿ ಹೇಳುವುದಿಲ್ಲ, ಸುಳಿವು ಕೊಡುತ್ತದೆ. ಸ್ಪಷ್ಟತೆ ಬೇಕೆಂದರೆ ಮೊದಲೆರಡು, ಗುರುತು ಬೇಕೆಂದರೆ ಕೊನೆಯೆರಡು ಅಂತ ಮೇಲ್ನೋಟಕ್ಕೆ ಕಾಣುತ್ತದೆ. ಒಂದೊಂದನ್ನೇ ಹಿಡಿದು ನೋಡಿದಾಗ ಅಷ್ಟು ಸರಳವಲ್ಲ ಅಂತ ಗೊತ್ತಾಯಿತು.

ಹೆಸರು ಹೋಗುವ ದಾರಿ

ರೈತರ ನಡುವೆ ಆ್ಯಪ್ ಹರಡುವುದು ಜಾಹೀರಾತಿನಿಂದಲ್ಲ, ಮಾತಿನಿಂದ. ಹೊಲದ ಬದುವಿನ ಮೇಲೆ, ಡೇರಿಗೆ ಹಾಲು ಹಾಕುವಾಗ, ಟೊಮೇಟೊ ಲೋಡ್ ಮಾಡುವಾಗ ಒಬ್ಬರು ಇನ್ನೊಬ್ಬರಿಗೆ ಹೆಸರು ಹೇಳುತ್ತಾರೆ. ಕೇಳಿಸಿಕೊಂಡವರು ಅದನ್ನು ಸಂಜೆವರೆಗೆ ನೆನಪಿಟ್ಟುಕೊಳ್ಳಬೇಕು. ಆಮೇಲೆ ಪ್ಲೇ ಸ್ಟೋರ್ ತೆರೆದು ಟೈಪ್ ಮಾಡಬೇಕು ಇಲ್ಲವೇ ಮೈಕ್ ಒತ್ತಿ ಹೇಳಬೇಕು. ಬಂದ ಪಟ್ಟಿಯಲ್ಲಿ ಸರಿಯಾದದ್ದನ್ನು ಗುರುತಿಸಬೇಕು. ಇನ್‌ಸ್ಟಾಲ್ ಆದ ಮೇಲೆ ಫೋನಿನ ಹತ್ತಾರು ಐಕಾನ್‌ಗಳ ನಡುವೆ ಮತ್ತೆ ಹುಡುಕಬೇಕು. ಬಾಯಿ, ಕಿವಿ, ಬೆರಳು, ಕಣ್ಣು. ಈ ನಾಲ್ಕರಲ್ಲಿ ಎಲ್ಲಿ ಮುರಿದರೂ ಹೆಸರು ಸೋತಂತೆ. ಹಾಗಾಗಿ ಹೆಸರನ್ನು ಕಾಗದದ ಮೇಲೆ ಬರೆದು ಚೆನ್ನಾಗಿದೆಯಾ ಅಂತ ನೋಡುವುದಕ್ಕಿಂತ, ಈ ದಾರಿಯಲ್ಲಿ ಒಂದು ಸಲ ನಡೆಸಿ ನೋಡುವುದು ಒಳ್ಳೆಯದು.

ಬೆಳೆ ಬೆಲೆ

ಓದಿದ ತಕ್ಷಣ ಇಷ್ಟವಾಗುವ ಹೆಸರು. ಪ್ರಾಸ ಇದೆ, ಅರ್ಥ ಇದೆ, ಎರಡೇ ಪದ. ನನಗೂ ಮೊದಲು ಇದೇ ಹಿಡಿಸಿತು. ಆದರೆ ಇದರ ತೊಂದರೆ ಕನ್ನಡದ ಒಳಗೇ ಇದೆ.

ಬೆಳೆ, ಬೆಲೆ, ಬೇಳೆ. ಕನ್ನಡ ಲಿಪಿಯಲ್ಲಿ ಮೂರೂ ಬೇರೆ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮೂರೂ `bele`. ನಮ್ಮ ಕಡೆ ಕನ್ನಡ ಚೆನ್ನಾಗಿ ಓದುವವರೂ ಫೋನಿನಲ್ಲಿ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಆಗ ಹೆಸರು `bele bele` ಆಗುತ್ತದೆ. ಹುಡುಕುವ ಯಂತ್ರಕ್ಕೆ ಅದು ಬೆಳೆಯೋ, ಬೆಲೆಯೋ, ತೊಗರಿಬೇಳೆಯೋ ಹೇಗೆ ಗೊತ್ತಾಗಬೇಕು?

ಇದು ಊಹೆಯ ಮಾತಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಇನ್ನೊಂದು ಆ್ಯಪ್‌ಗೆ ನಾನೇ "ಬೆಳೆ" ಸೇರಿಸಿ ಒಂದು ಹೆಸರು ಕೊಟ್ಟಿದ್ದೆ. ಬಿಡುಗಡೆಯಾದ ವಾರವೇ ನಮ್ಮ ಪಕ್ಕದೂರಿನ ಹಿರಿಯರೊಬ್ಬರು ಫೋನ್ ಹಿಡಿದುಕೊಂಡು ಬಂದರು. "ಇದೇನಮ್ಮ, ಬರೀ ಅಡುಗೆದು ಬರ್ತಿದೆ?" ಅಂದರು. ನೋಡಿದರೆ ಬಿಸಿಬೇಳೆಬಾತ್ ಮಾಡುವ ವಿಧಾನಗಳ ಸಾಲು. ಅವರ ಟೈಪಿಂಗ್‌ನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದು ನಾನು ಕೊಟ್ಟ ಹೆಸರಿನಲ್ಲಿ.

ಇನ್ನೊಂದು ವಿಷಯ. "ಬೆಳೆ" ಅಂದ ಕೂಡಲೇ ರೈತರಿಗೆ ಬೆಳೆ ಸಮೀಕ್ಷೆ, ಬೆಳೆ ವಿಮೆ, ಬೆಳೆ ಪರಿಹಾರ ನೆನಪಿಗೆ ಬರುತ್ತವೆ. ಎಲ್ಲವೂ ಸರ್ಕಾರದ್ದು. ಆ ಸಾಲಿನಲ್ಲಿ ಇನ್ನೊಂದು ಬೆಳೆ ಬಂದರೆ ಇದೂ ಇಲಾಖೆಯದ್ದೇ ಅಂತ ಅಂದುಕೊಳ್ಳುತ್ತಾರೆ. ಬೆಲೆ ತಪ್ಪಾದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳುತ್ತಾರೆ. ಅಲ್ಲಿ ಯಾರಿಗೂ ಈ ಆ್ಯಪ್ ಬಗ್ಗೆ ಗೊತ್ತಿರುವುದಿಲ್ಲ.

ಕಣ್ಣಿಗೆ ಇದು ಸ್ಪಷ್ಟ. ಬೆರಳಿಗೆ ಬಂದಾಗ ಮುರಿಯುತ್ತದೆ.

ಮಂಡಿ ರೇಟ್

ಇದು ರೈತರ ಬಾಯಿಯ ಮಾತು. "ದರ" ಅನ್ನುವುದು ಕಚೇರಿಯ ಕಾಗದದಲ್ಲಿ, "ಧಾರಣೆ" ಅನ್ನುವುದು ಪತ್ರಿಕೆಯ ವಾಣಿಜ್ಯ ಪುಟದಲ್ಲಿ. ಯಾರ್ಡಿನಲ್ಲಿ ಎಲ್ಲರೂ ಅನ್ನುವುದು ರೇಟು. ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ತುಂಬಾ ಜನ. ರೇಟು ಅವರಿಗೂ ರೇಟೇ. ಹಾಗಾಗಿ "ರೇಟ್" ಪದಕ್ಕೆ ನನ್ನ ಪೂರ್ತಿ ಮತ ಇದೆ. ಆ್ಯಪಿನ ಹೆಸರು ಏನೇ ಆಗಲಿ, ಜೊತೆಯಲ್ಲಿ ಎಲ್ಲಾದರೂ ಒಂದು ಕಡೆ ರೇಟ್ ಇರಲೇಬೇಕು.

ಕಷ್ಟ ಇರುವುದು "ಮಂಡಿ"ಯಲ್ಲಿ. ಹಿಂದಿಯವರಿಗೆ ಮಂಡಿ ಅಂದರೆ ಇಡೀ ಮಾರುಕಟ್ಟೆ. ಕೋಲಾರದ ರೈತರಿಗೆ ಮಂಡಿ ಅಂದರೆ ಯಾರ್ಡಿನೊಳಗಿನ ಒಂದು ಕಮಿಷನ್ ಅಂಗಡಿ. "ಯಾವ ಮಂಡಿಗೆ ಹಾಕ್ತೀಯಪ್ಪ?" ಅಂತಲೇ ಕೇಳುವುದು. ಅಂದರೆ "ಮಂಡಿ ರೇಟ್" ಅಂತ ಕೇಳಿದ ರೈತರಿಗೆ ಇದು ಯಾರೋ ಮಂಡಿ ಮಾಲೀಕರು ಮಾಡಿಸಿದ ಆ್ಯಪ್ ಅನ್ನಿಸಬಹುದು. ಹಾಗನ್ನಿಸಿದರೆ ಆ್ಯಪಿನ ಬುಡವೇ ಅಲ್ಲಾಡುತ್ತದೆ. ಮಂಡಿಯವರು ಹೇಳುವ ರೇಟು ಸರಿಯಾ ಅಂತ ತಾಳೆ ನೋಡಲಿಕ್ಕೇ ಅಲ್ವಾ ರೈತರು ಇದನ್ನು ತೆರೆಯುವುದು? ಹುಡುಗರಿಬ್ಬರೂ ಇದನ್ನು ಯೋಚಿಸಿಯೇ ಇರಲಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಹಿಂದಿಯ ಅರ್ಥ.

ಕನ್ನಡದಲ್ಲಿ ಮಂಡಿ ಅಂದರೆ ಮೊಣಕಾಲೂ ಹೌದು. "ಮಂಡಿ" ಅಂತ ಹುಡುಕಿದವರಿಗೆ ಮಂಡಿ ನೋವಿನ ಔಷಧಿಯೂ ಸಿಗುತ್ತದೆ. ಇನ್ನು ಪ್ಲೇ ಸ್ಟೋರಿನಲ್ಲಿ ಮಂಡಿ, ಕಿಸಾನ್, ಕೃಷಿ ಅಂತ ಶುರುವಾಗುವ ಆ್ಯಪ್‌ಗಳಿಗೆ ಲೆಕ್ಕವಿಲ್ಲ. ಆ ಗುಂಪಿನಲ್ಲಿ ಹೊಸಬರು ಹತ್ತನೆಯವರೋ ಇಪ್ಪತ್ತನೆಯವರೋ ಆಗಿ ನಿಲ್ಲಬೇಕು. ಅದಕ್ಕಿಂತ ಮೊದಲೇ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರು ಕೈಬಿಟ್ಟು ಹೋಗುತ್ತಾರೆ. ಗೂಡು ಮಾರುವವರಿಗೆ ಅದು ಗೂಡಿನ ಮಾರ್ಕೆಟ್, ಮಂಡಿ ಅಲ್ಲ.

ರೇಟೂರು

ಹುಡುಗರಿಗೆ ತುಂಬಾ ಪ್ರೀತಿಯ ಹೆಸರು ಇದು. ಅವರೇ ಕಟ್ಟಿದ್ದಲ್ವಾ. ಕೇಳಲಿಕ್ಕೆ ನಮ್ಮ ಊರಿನ ಹೆಸರಿನ ಹಾಗೇ ಇದೆ. ಬೇರೆ ಯಾರೂ ಇಟ್ಟಿರಲಿಕ್ಕಿಲ್ಲ.

ಫೋನಿನಲ್ಲಿ ಹೇಳಿ ನೋಡಿದೆವು. "ರೇಟೂರು ಅಂತ ಒಂದಿದೆ ನೋಡಿ" ಅಂದರೆ ಆ ಕಡೆಯವರು "ಅದ್ಯಾವ ತಾಲ್ಲೂಕು?" ಅಂದರು. ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡು ಬರೆಯಲಿಕ್ಕೆ ಹೋದರು. `returu`, `rateuru`, `retooru`, `ratoor`. ಒಂದೇ ಮನೆಯಲ್ಲಿ ನಾಲ್ಕು ಬಗೆ. ಒಳಗಿರುವ ಇಂಗ್ಲಿಷ್ ಪದ ಕಾಣಬೇಕಾದರೆ `rate` ಅಂತ ಬರೆಯಬೇಕು. ಹಾಗೆ ಬರೆದರೆ ಓದುವವರು ಊರು ಎಲ್ಲಿಂದ ಶುರು ಅಂತ ತಡವರಿಸುತ್ತಾರೆ. ಕಟ್ಟಿದ ಪದಗಳ ಸಾಮಾನ್ಯ ಕಷ್ಟ ಇದು. ಕೇಳಿದವರ ತಲೆಯಲ್ಲಿ ಆ ಪದ ಮೊದಲೇ ಇರುವುದಿಲ್ಲ, ಹಾಗಾಗಿ ಅರ್ಧ ಕೇಳಿಸಿದರೆ ಉಳಿದರ್ಧವನ್ನು ಅವರೇ ತುಂಬಿಕೊಳ್ಳಲಾರರು. ದೊಡ್ಡ ಕಂಪನಿಗಳು ಕಟ್ಟಿದ ಪದವನ್ನು ಟಿವಿಯಲ್ಲಿ ಸಾವಿರ ಸಲ ಹೇಳಿ ಕೂರಿಸುತ್ತವೆ. ಈ ಹುಡುಗರ ಹತ್ತಿರ ಅಷ್ಟು ದುಡ್ಡಿಲ್ಲ.

ಹಾಗಂತ ಪೂರ್ತಿ ತಳ್ಳಿಹಾಕುವ ಹೆಸರೂ ಅಲ್ಲ. ಕಾನೂನಿನ ದೃಷ್ಟಿಯಿಂದ ನಾಲ್ಕರಲ್ಲಿ ಇದೇ ಗಟ್ಟಿ. ಅದನ್ನು ಮುಂದೆ ಹೇಳುತ್ತೇನೆ.

ತಕ್ಕಡಿ

ತಕ್ಕಡಿ ಗೊತ್ತಿಲ್ಲದವರು ಯಾರೂ ಇಲ್ಲ. ಹೇಳಲಿಕ್ಕೆ ಸುಲಭ. ನಡುವಿನ ಒತ್ತಕ್ಷರ ಕಿವಿಗೆ ಗಟ್ಟಿಯಾಗಿ ಬೀಳುತ್ತದೆ, ಹಾಗಾಗಿ ಯಾರ್ಡಿನ ಗದ್ದಲದಲ್ಲೂ ಬೇರೆ ಪದದ ಹಾಗೆ ಕೇಳಿಸುವುದಿಲ್ಲ. ತೆಲುಗಿನಲ್ಲೂ ತಕ್ಕೆಡ ಅಂದರೆ ಇದೇ. ವ್ಯಾಪಾರಕ್ಕೂ ಇದಕ್ಕೂ ಹಳೆಯ ನಂಟಿದೆ. ಎರಡು ತಟ್ಟೆಯಲ್ಲಿ ಎರಡು ಮಾರ್ಕೆಟ್ಟಿನ ರೇಟು ಇಟ್ಟು ತೂಗುವುದು ಅಂತ ಯೋಚಿಸಿದರೆ, ಆ್ಯಪ್ ಮಾಡುವ ಕೆಲಸಕ್ಕೂ ಸರಿಹೊಂದುತ್ತದೆ.

ಆದರೆ ಇದರಲ್ಲೂ ಎರಡು ಮುಳ್ಳಿವೆ. ಮೊದಲನೆಯದು, ರೈತರ ನೆನಪಿನಲ್ಲಿ ತಕ್ಕಡಿ ಅಂದರೆ ನ್ಯಾಯ ಮಾತ್ರವಲ್ಲ, ತೂಕದ ಮೋಸವೂ ಹೌದು. ಹೆಸರು ಕೇಳಿದ ಒಬ್ಬ ಅಜ್ಜಿ "ತಕ್ಕಡೀಲೇ ಅಲ್ವೇನಪ್ಪ ನಮ್ಮನ್ನ ಹೊಡೆಯೋದು" ಅಂದರು. ಇದನ್ನು ಹೆಸರಿನಿಂದ ತೆಗೆಯಲು ಆಗುವುದಿಲ್ಲ. ತಕ್ಕಡಿ ಈಗ ನಿಮ್ಮ ಕೈಯಲ್ಲಿದೆ ಅನ್ನುವ ಅರ್ಥ ಬರುವ ಒಂದು ಸಾಲು ಕೆಳಗೆ ಇದ್ದರೆ ಅದೇ ಮಾತು ಆ್ಯಪ್‌ಗೆ ಬಲವಾಗುತ್ತದೆ, ಅಷ್ಟೇ. ಎರಡನೆಯದು, ತಕ್ಕಡಿಯ ಚಿತ್ರ. ಐಕಾನ್‌ಗೆ ಸುಮ್ನೆ ಎರಡು ತಟ್ಟೆಯ ತಕ್ಕಡಿ ಬಿಡಿಸಿದರೆ ನೋಡಿದವರು ಕೋರ್ಟು, ಲಾಯರು ಅಂದುಕೊಳ್ಳುತ್ತಾರೆ. ತಟ್ಟೆಯಲ್ಲಿ ಒಂದು ಕೆಂಪು ಟೊಮೇಟೊ ಇಟ್ಟ ಮೇಲೆ ಆ ಪ್ರಶ್ನೆ ಯಾರೂ ಕೇಳಲಿಲ್ಲ.

ಟೈಪಿಂಗ್‌ನಲ್ಲಿ ಇದಕ್ಕೂ ಒಂದು ಕವಲು ಇದೆ. ನಮ್ಮವರು "ತ"ಗೆ `th` ಹಾಕುತ್ತಾರೆ, ಕೆಲವರು ಬರೀ `t`. ಆದರೆ `takkadi`, `thakkadi` ಎರಡೇ ಬಗೆ ಹೆಚ್ಚಾಗಿ ಬಂದದ್ದು. ಎರಡನ್ನೂ ಪ್ಲೇ ಸ್ಟೋರಿನ ವಿವರಣೆಯ ಸಹಜ ವಾಕ್ಯಗಳಲ್ಲಿ ಒಂದೊಂದು ಸಲ ಬರೆದರೆ ಸಾಕು. ರೇಟೂರಿನ ನಾಲ್ಕು ಕವಲಿಗಿಂತ ಇದು ಎಷ್ಟೋ ಮೇಲು.

ಕಾನೂನು ಏನು ಹೇಳುತ್ತದೆ?

ಹೆಸರು ನಿಮ್ಮದೇ ಆಗಿ ಉಳಿಯಬೇಕಾದರೆ ಟ್ರೇಡ್‌ಮಾರ್ಕ್ ಮಾಡಿಸಬೇಕು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಒಂದು ವಸ್ತು ಅಥವಾ ಸೇವೆ ಏನು, ಎಂಥದು ಅಂತ ಮಾತ್ರ ಹೇಳುವ ಪದವನ್ನು ಒಬ್ಬರ ಹೆಸರಿಗೆ ಬರೆದುಕೊಡುವುದಿಲ್ಲ. ಬೆಳೆಯ ಬೆಲೆ ತೋರಿಸುವ ಆ್ಯಪ್‌ಗೆ "ಬೆಳೆ ಬೆಲೆ" ಅಂದರೆ ಅದು ಬರೀ ವಿವರಣೆ. ಮಂಡಿಯ ರೇಟ್ ತೋರಿಸುವ ಆ್ಯಪ್‌ಗೆ "ಮಂಡಿ ರೇಟ್" ಅಂದರೂ ಅಷ್ಟೇ. ಎಷ್ಟೋ ವರ್ಷ ಬಳಸಿ, ಈ ಹೆಸರು ಕೇಳಿದರೆ ಜನರಿಗೆ ನಮ್ಮ ಆ್ಯಪೇ ನೆನಪಾಗುತ್ತದೆ ಅಂತ ಸಾಬೀತು ಮಾಡಿದರೆ ಮಾತ್ರ ಒಪ್ಪುತ್ತಾರೆ. ಹೊಸ ಆ್ಯಪ್‌ಗೆ ಆ ಸಾಕ್ಷಿ ಎಲ್ಲಿಂದ ಬರಬೇಕು?

ಕೆಲವರು ಇದಕ್ಕೆ ಲೋಗೋ ಮಾಡಿಸಿ ಅದನ್ನು ನೋಂದಾಯಿಸುತ್ತಾರೆ. ಆಗ ರಕ್ಷಣೆ ಸಿಗುವುದು ಹೆಚ್ಚಾಗಿ ಆ ಚಿತ್ರಕ್ಕೆ. ನಾಳೆ ಇನ್ನೊಬ್ಬರು ಬೇರೆ ಚಿತ್ರ ಹಾಕಿ "ಬೆಳೆ ಬೆಲೆ ಪ್ಲಸ್" ಅಂತ ಬಂದರೆ ತಡೆಯುವುದು ಕಷ್ಟ.

ರೇಟೂರು ಹೊಸ ಪದ, ಹಾಗಾಗಿ ಆಕ್ಷೇಪಣೆಗೆ ಜಾಗ ಕಡಿಮೆ. ತಕ್ಕಡಿಯದು ನಡುವಿನ ಸ್ಥಿತಿ. ತಕ್ಕಡಿ ಮಾರುವವರಿಗೆ ಅದು ವಿವರಣೆ, ರೇಟ್ ಹೇಳುವ ಆ್ಯಪ್‌ಗೆ ಬರೀ ಸೂಚನೆ. ಇಲ್ಲಿ ಮಾತ್ರ ಒಂದು ವಿಷಯ ಗಮನಿಸಿ. ಟ್ರೇಡ್‌ಮಾರ್ಕ್‌ಗೆ ವಸ್ತುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಡೌನ್‌ಲೋಡ್ ಮಾಡುವ ಆ್ಯಪ್ 9ನೇ ವರ್ಗದಲ್ಲಿ ಬರುತ್ತದೆ. ತೂಕದ ಯಂತ್ರಗಳೂ ಅದೇ 9ನೇ ವರ್ಗ! ಅದಕ್ಕೆ ಅರ್ಜಿಯಲ್ಲಿ ಸರಕಿನ ವಿವರ ಬರೆಯುವಾಗ "ಕೃಷಿ ಉತ್ಪನ್ನಗಳ ಬೆಲೆ ಮಾಹಿತಿ ತೋರಿಸುವ ಮೊಬೈಲ್ ಸಾಫ್ಟ್‌ವೇರ್" ಅಂತ ಬಿಗಿಯಾಗಿ ಬರೆಯಬೇಕು. ಬರೀ "9ನೇ ವರ್ಗದ ಎಲ್ಲ ಸರಕು" ಅಂತ ಬರೆದರೆ ತಕ್ಕಡಿ ಅನ್ನುವ ಪದ ತೂಕದ ಯಂತ್ರಕ್ಕೆ ವಿವರಣೆಯಾಗಿಬಿಡುತ್ತದೆ, ಆಕ್ಷೇಪಣೆ ತಾನಾಗಿಯೇ ಬರುತ್ತದೆ.

ಖರ್ಚು ಅಷ್ಟೇನಿಲ್ಲ. ಒಬ್ಬ ವ್ಯಕ್ತಿ, ಸ್ಟಾರ್ಟ್‌ಅಪ್ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಆ್ಯಪ್‌ಗೆ 9, ಸಾಫ್ಟ್‌ವೇರ್ ಸೇವೆಗೆ 42 ಅಂತ ಎರಡು ವರ್ಗ ಹಿಡಿದರೆ 9,000. ನೋಂದಣಿ ಆದರೆ 10 ವರ್ಷ, ಆಮೇಲೆ ನವೀಕರಿಸಬಹುದು. ಹೆಸರು ಕನ್ನಡದ್ದಾದರೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯುತ್ತಾರೆ, ಅರ್ಥ ಏನು ಅಂತಲೂ ಅರ್ಜಿಯಲ್ಲಿ ಕೊಡಬೇಕು.

ದುಡ್ಡು ಕಟ್ಟುವ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಅಲ್ಲಿ ಅಕ್ಷರ ಹೊಂದುವ ಹುಡುಕಾಟ ಒಂದು, ಉಚ್ಚಾರಣೆ ಹೊಂದುವ ಹುಡುಕಾಟ ಇನ್ನೊಂದು. ಎರಡನ್ನೂ ಮಾಡಿ. ಕನ್ನಡ ಹೆಸರಿಗೆ ಉಚ್ಚಾರಣೆಯ ಹುಡುಕಾಟವೇ ಮುಖ್ಯ, ಯಾಕೆಂದರೆ ಬೇರೆಯವರು `t` ಹಾಕಿದ್ದಾರೋ `th` ಹಾಕಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಟ್ರೇಡ್‌ಮಾರ್ಕ್ ಇಲ್ಲದಿದ್ದರೂ ಬಳಕೆಯಲ್ಲಿ ಬೇರೂರಿದ ಹೆಸರುಗಳಿರುತ್ತವೆ. ಹುಡುಗರ ಮೊದಲ ಪಟ್ಟಿಯಲ್ಲಿ "ಕಣಜ" ಇತ್ತು. ಒಳ್ಳೆಯ ಪದ. ಆದರೆ ಆ ಹೆಸರಿನಲ್ಲಿ ಕನ್ನಡದ ಜ್ಞಾನಕೋಶ ತಾಣ ಮೊದಲಿನಿಂದ ಇದೆ. ಹಾಗಾಗಿ ಅದನ್ನು ಅಲ್ಲೇ ಬಿಟ್ಟೆವು.

ಒಂದೇ ಹೆಸರಿಗೆ ಎಲ್ಲ ಭಾರ ಹೊರಿಸಬೇಡಿ

ಇಲ್ಲಿಗೆ ಬರುವ ಹೊತ್ತಿಗೆ ಹುಡುಗರಲ್ಲಿ ಒಬ್ಬನಿಗೆ ಬೇಜಾರಾಗಿತ್ತು. "ಅಕ್ಕ, ತಕ್ಕಡಿ ಅಂದ್ರೆ ಇದು ರೇಟ್ ಆ್ಯಪ್ ಅಂತ ಹೊಸಬರಿಗೆ ಹೇಗೆ ಗೊತ್ತಾಗುತ್ತೆ?" ಅಂದ. ಸರಿಯಾದ ಪ್ರಶ್ನೆ. ಉತ್ತರ ಇಷ್ಟೇ: ಆ್ಯಪ್‌ಗೆ ಹೆಸರು ಬರೆಯುವ ಜಾಗ ಒಂದಲ್ಲ. ಐಕಾನ್ ಕೆಳಗೆ ಒಂದು ಹೆಸರು, ಪ್ಲೇ ಸ್ಟೋರಿನ ಶೀರ್ಷಿಕೆಯಲ್ಲಿ ಒಂದು ಹೆಸರು. ಅವು ಎರಡೂ ಒಂದೇ ಆಗಿರಬೇಕು ಅಂತ ಇಲ್ಲ. ಗುರುತು ಐಕಾನ್ ಕೆಳಗಿರಲಿ. ಸ್ಪಷ್ಟತೆ ಸ್ಟೋರಿನ ಶೀರ್ಷಿಕೆಯಲ್ಲಿರಲಿ.

ಪ್ಲೇ ಸ್ಟೋರ್ ಶೀರ್ಷಿಕೆಗೆ ಮಿತಿ 30. ಇದು ನಾವು ಎಣಿಸುವ ಅಕ್ಷರ ಅಲ್ಲ. ಕನ್ನಡದಲ್ಲಿ ವ್ಯಂಜನ ಒಂದು, ಅದರ ಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರ ಬಂದರೆ ನಡುವಿನ ಹಲಂತ ಮತ್ತೊಂದು ಅಂತ ಲೆಕ್ಕ ಬೀಳುತ್ತದೆ. "ಮಾರುಕಟ್ಟೆ" ನಮಗೆ ನಾಲ್ಕು ಅಕ್ಷರ, ಲೆಕ್ಕದಲ್ಲಿ 9. "ಕೋಲಾರ ಕೃಷಿ ಮಾರುಕಟ್ಟೆ ಬೆಲೆಗಳು" ಅಂತ ಬರೆದರೆ ಆಗಲೇ 28. ಉಳಿಯುವುದು ಎರಡೇ. ಆ ಶೀರ್ಷಿಕೆ ಎಲ್ಲವನ್ನೂ ಹೇಳುತ್ತದೆ, ಆದರೆ ಯಾರ ಆ್ಯಪ್ ಅಂತ ಮಾತ್ರ ಹೇಳುವುದಿಲ್ಲ.

ನಾವು ಬರೆದದ್ದು ಹೀಗೆ: "ತಕ್ಕಡಿ: ಟೊಮೇಟೊ, ತರಕಾರಿ ರೇಟ್". ತಕ್ಕಡಿಗೆ 6, ಟೊಮೇಟೊಗೆ 6, ತರಕಾರಿಗೆ 6, ರೇಟ್‌ಗೆ 4. ಚಿಹ್ನೆ ಮತ್ತು ಖಾಲಿ ಜಾಗ ಸೇರಿ ಒಟ್ಟು 27. ಮಿತಿಯೊಳಗೆ ಬಂತು. "ಟೊಮೇಟೊ ರೇಟ್" ಅಂತ ಹುಡುಕಿದವರಿಗೂ ಸಿಗಬಹುದು, "ತಕ್ಕಡಿ" ಅಂತ ಹೆಸರು ಹೇಳಿಸಿಕೊಂಡು ಬಂದವರಿಗೂ ಸಿಗುತ್ತದೆ. ಊರುಗಳ ಹೆಸರು ಶೀರ್ಷಿಕೆಯಲ್ಲಿ ಬೇಡ. ಕೆಳಗಿನ ಚಿಕ್ಕ ವಿವರಣೆಗೆ 80ರ ಮಿತಿ ಇದೆ, ಕೋಲಾರ, ಚಿಂತಾಮಣಿ ಅಲ್ಲಿ ಬರಲಿ. ಗೂಡು, ಕೊಬ್ಬರಿ ಸೇರಿದಾಗ ಶೀರ್ಷಿಕೆಯ ಬಾಲವನ್ನು ಬದಲಿಸಬಹುದು. ತಲೆ ಹಾಗೇ ಇರುತ್ತದೆ.

ಐಕಾನ್ ಕೆಳಗಿನ ಹೆಸರು ಇನ್ನೂ ಇಕ್ಕಟ್ಟು. ಉದ್ದವಾದರೆ ಫೋನು ಅದನ್ನು ಕತ್ತರಿಸಿ ಚುಕ್ಕೆ ಹಾಕುತ್ತದೆ. ಅಲ್ಲಿ "ತಕ್ಕಡಿ" ಮಾತ್ರ. ಅದನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಹೆಚ್ಚಿನ ತಂಡಗಳು ಒಂದು ತಪ್ಪು ಮಾಡುತ್ತವೆ. ಮೂಲ ಕಡತದಲ್ಲಿ ಇಂಗ್ಲಿಷ್ ಇಟ್ಟು, ಕನ್ನಡದ ಕಡತದಲ್ಲಿ ಮಾತ್ರ ಕನ್ನಡ ಇಡುತ್ತಾರೆ. ಆದರೆ ನಮ್ಮ ರೈತರ ಫೋನಿನ ಭಾಷೆ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ, ಅಂಗಡಿಯವರು ಕೊಟ್ಟ ಹಾಗೆ. ಆಗ ಅವರಿಗೆ ಕಾಣುವುದು ಇಂಗ್ಲಿಷ್ ಹೆಸರು. ಅದಕ್ಕೆ ಮೂಲ ಕಡತದಲ್ಲೇ ಕನ್ನಡ ಇಡಿ:

```xml
<!-- res/values/strings.xml -->
<string name="app_name">ತಕ್ಕಡಿ</string>
```

ಇದಕ್ಕೂ ಒಂದು ಬೆಲೆ ಇದೆ. ಫೋನಿನೊಳಗಿನ ಆ್ಯಪ್ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರ ಹೊಡೆದು ಹುಡುಕುವವರಿಗೆ ಇದು ಸಿಗದೇ ಹೋಗಬಹುದು. ಐಕಾನ್ ನೋಡಿ ಒತ್ತುವವರೇ ಜಾಸ್ತಿ ಇರುವ ಕಡೆ ನಾನು ಕನ್ನಡದ ಕಡೆಗೇ ವಾಲುತ್ತೇನೆ.

ಬದಲಿಸಲಾಗದ ಹೆಸರು ಇನ್ನೊಂದಿದೆ, ಅದನ್ನು ಮರೆಯಬೇಡಿ:

```
applicationId "app.thakkadi.prices"
```

ಶೀರ್ಷಿಕೆಯನ್ನೂ ಐಕಾನ್ ಹೆಸರನ್ನೂ ಯಾವಾಗ ಬೇಕಾದರೂ ಬದಲಿಸಬಹುದು. ಇದನ್ನು ಮಾತ್ರ ಒಮ್ಮೆ ಪ್ರಕಟಿಸಿದ ಮೇಲೆ ಬದಲಿಸಲು ಆಗುವುದಿಲ್ಲ. ಬದಲಿಸಿದರೆ ಅದು ಬೇರೆಯೇ ಆ್ಯಪ್, ಹಳೆಯ ಬಳಕೆದಾರರಿಗೆ ಅಪ್‌ಡೇಟ್ ಹೋಗುವುದಿಲ್ಲ. ವಾಟ್ಸಾಪ್‌ನಲ್ಲಿ ಪ್ಲೇ ಸ್ಟೋರ್ ಕೊಂಡಿ ಕಳಿಸಿದಾಗ ಅದರ ಕೊನೆಯಲ್ಲಿ `id=` ಆದ ಮೇಲೆ ಕಾಣುವುದೂ ಇದೇ. ಹುಡುಗರು ಪರೀಕ್ಷೆಗೆ ಅಂತ ಇದರಲ್ಲಿ `kolartomato` ಅಂತ ಹಾಕಿಟ್ಟಿದ್ದರು. ಕೊಬ್ಬರಿ ರೇಟ್ ನೋಡುವ ತಿಪಟೂರಿನವರಿಗೂ ಆ ಕೊಂಡಿಯೇ ಹೋಗುತ್ತಿತ್ತು. ಪ್ರಕಟಿಸುವ ಮೊದಲೇ ಕಣ್ಣಿಗೆ ಬಿದ್ದದ್ದು ಒಳ್ಳೆಯದಾಯಿತು.

ಹೆಸರು ಕೊಡುವ ಮಾತು

ಬಾಲದಲ್ಲಿ ಹಾಕುವ ಪದಗಳ ಬಗ್ಗೆಯೂ ಎಚ್ಚರ ಬೇಕು. "ಇಂದಿನ ರೇಟ್" ಅಂತ ಹಾಕೋಣ ಅಂತ ಹುಡುಗರ ಆಸೆ. ಆದರೆ ಅವರ ಅಂಕಿಗಳು ಬರುವುದು ರಾಜ್ಯದ ಕೃಷಿ ಮಾರಾಟ ವಾಹಿನಿ ಮತ್ತು ಕೇಂದ್ರದ ಅಗ್‌ಮಾರ್ಕ್‌ನೆಟ್ ತಾಣಗಳಿಂದ. ಮಾರುಕಟ್ಟೆಯಲ್ಲಿ ವ್ಯಾಪಾರ ಮುಗಿದು, ಅಲ್ಲಿನವರು ಅಂಕಿ ತುಂಬಿದ ಮೇಲೆ ಅವು ಕಾಣುತ್ತವೆ. ಬೆಳಗಿನ ಹರಾಜಿನ ಹೊತ್ತಿಗೆ ಆ್ಯಪ್ ತೆರೆದವರಿಗೆ ಸಿಗುವುದು ನಿನ್ನೆಯ ರೇಟು. ಹೆಸರಿನಲ್ಲೇ "ಇಂದಿನ" ಇದ್ದರೆ ದಿನವೂ ಬೆಳಗ್ಗೆ ಮಾತು ತಪ್ಪಿದಂತೆ. "ಲೈವ್" ಅಂತೂ ಬೇಡವೇ ಬೇಡ.

ರೇಟ್ ಅನ್ನುವ ಪದಕ್ಕೂ ಒಂದು ಜವಾಬ್ದಾರಿ ಇದೆ. ಸರ್ಕಾರದ ಅಂಕಿ ಬರುವುದು ಕ್ವಿಂಟಾಲಿಗೆ. ಕೋಲಾರದ ಟೊಮೇಟೊ ರೈತರಿಗೆ ರೇಟ್ ಅಂದರೆ 15 ಕೆಜಿ ಬಾಕ್ಸಿನ ರೇಟು. ಕ್ವಿಂಟಾಲಿಗೆ 2,000 ಅಂದರೆ ಕೆಜಿಗೆ 20, ಬಾಕ್ಸಿಗೆ 300. ಹೆಸರಿನಲ್ಲಿ ರೈತರ ಪದ ಇಟ್ಟು, ಒಳಗೆ ಕಚೇರಿಯ ಲೆಕ್ಕ ತೋರಿಸಿದರೆ ಎರಡು ಸಾವಿರ ನೋಡಿದವರು ಒಂದು ಕ್ಷಣ 2023ರ ಜುಲೈ ಮತ್ತೆ ಬಂತು ಅಂದುಕೊಳ್ಳುತ್ತಾರೆ. ಆಗ ಒಂದು ಬಾಕ್ಸೇ ಎರಡು ಸಾವಿರ ದಾಟಿತ್ತು. ಹಾಗಾಗಿ ಟೊಮೇಟೊ ಪುಟದಲ್ಲಿ ಬಾಕ್ಸ್ ಲೆಕ್ಕ ಮೇಲೆ, ಕ್ವಿಂಟಾಲ್ ಕೆಳಗೆ ಅಂತ ಬದಲಿಸಿದರು.

ಸರ್ಕಾರದ ಅಂಕಿ ಬಳಸುವುದಕ್ಕೂ ಸರ್ಕಾರದ ಆ್ಯಪ್ ಹಾಗೆ ಕಾಣುವುದಕ್ಕೂ ವ್ಯತ್ಯಾಸ ಇದೆ. "ಕರ್ನಾಟಕ ಎಪಿಎಂಸಿ ರೇಟ್" ಅಂತ ಹೆಸರಿಟ್ಟರೆ ಜನ ಜಾಸ್ತಿ ಬರಬಹುದು. ಆದರೆ ಸರ್ಕಾರದ ನಂಟು ಇದೆ ಅನ್ನಿಸುವ ಹೆಸರನ್ನು ಪ್ಲೇ ಸ್ಟೋರ್ ಒಪ್ಪುವುದಿಲ್ಲ. ಅಂಥ ಹೆಸರುಗಳಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ತಡೆಯೂ ಇದೆ. ಅಂಕಿ ಎಲ್ಲಿಂದ ಬಂತು, ಆ್ಯಪ್ ಸರ್ಕಾರದ್ದಲ್ಲ ಅನ್ನುವ ಎರಡೂ ಮಾತನ್ನು ವಿವರಣೆಯಲ್ಲಿ ಬರೆದುಬಿಡಿ. ಶೀರ್ಷಿಕೆಯಲ್ಲಿ "ನಂ. 1", "ಉಚಿತ" ಅಂತ ಹಾಕುವುದಕ್ಕೂ ಅಲ್ಲಿ ಅವಕಾಶ ಇಲ್ಲ.

ನಾನಾದರೆ ಯಾವುದು?

ಈ ಆ್ಯಪ್‌ಗೆ ನನ್ನ ಆಯ್ಕೆ ತಕ್ಕಡಿ. ಮಾರುಕಟ್ಟೆ, ಬೆಳೆ ಎರಡೂ ಮುಂದೆ ಹೆಚ್ಚುವ ಯೋಜನೆ ಇದೆ, ಹರಡುವುದು ಬಾಯಿ ಮಾತಿನಿಂದ, ಜಾಹೀರಾತಿಗೆ ದುಡ್ಡಿಲ್ಲ. ಈ ಮೂರೂ ಇರುವಾಗ ಎಲ್ಲರಿಗೂ ಗೊತ್ತಿರುವ, ಆದರೆ ಈ ಕೆಲಸಕ್ಕೆ ಯಾರೂ ಬಳಸದ ಹಳೆಯ ಪದವೇ ಒಳ್ಳೆಯದು.

ಪರಿಸ್ಥಿತಿ ಬೇರೆ ಇದ್ದರೆ ಉತ್ತರವೂ ಬೇರೆ. ಒಂದು ರೈತ ಉತ್ಪಾದಕ ಸಂಘ ತನ್ನ ಸದಸ್ಯರಿಗೆ ಮಾತ್ರ, ಒಂದೇ ಯಾರ್ಡಿನ ಒಂದೇ ಬೆಳೆಯ ರೇಟ್ ಕೊಡುವ ಆ್ಯಪ್ ಮಾಡಿಸುತ್ತದೆ ಅನ್ನಿ. ಕೊಂಡಿ ಸಂಘದ ವಾಟ್ಸಾಪ್ ಗುಂಪಿನಲ್ಲೇ ಹೋಗುತ್ತದೆ, ಯಾರೂ ಹುಡುಕಬೇಕಾಗಿಲ್ಲ, ಯಾರ ಜೊತೆಗೂ ಪೈಪೋಟಿ ಇಲ್ಲ. ಅಲ್ಲಿ "ಟೊಮೇಟೊ ರೇಟ್" ಅಂತ ನೇರವಾಗಿ ಇಡಿ. ಟ್ರೇಡ್‌ಮಾರ್ಕಿನ ಗೊಡವೆ ಬೇಡ. ಹೂಡಿಕೆ ತಂದು ನಾಲ್ಕು ರಾಜ್ಯಕ್ಕೆ ಹೋಗುವ ತಂಡವಾದರೆ ಮಾತ್ರ ರೇಟೂರಿನಂಥ ಕಟ್ಟಿದ ಪದದ ಬಗ್ಗೆ ಯೋಚಿಸಬಹುದು. ಆಗಲೂ ಬರೆಯುವ ಬಗೆ ಒಂದೇ ಇರುವ ಪದ ಕಟ್ಟಿಕೊಳ್ಳಿ.

ಆರಿಸಿದ ಮೇಲೆ ಪರೀಕ್ಷೆ ಮಾಡುವುದು ಕಷ್ಟವೇನಲ್ಲ. ಆ್ಯಪ್ ಬಗ್ಗೆ ಏನೂ ಗೊತ್ತಿಲ್ಲದ ಹತ್ತು ರೈತರಿಗೆ ಫೋನ್ ಮಾಡಿ. ಮಾತಿನ ನಡುವೆ ಒಂದೇ ಸಲ ಹೆಸರು ಹೇಳಿ. ಮಾರನೆಯ ದಿನ ಮತ್ತೆ ಫೋನ್ ಮಾಡಿ, ನಿನ್ನೆ ಹೇಳಿದ ಆ್ಯಪ್ ಹೆಸರೇನು ಅಂತ ಕೇಳಿ. ಹೇಳಿದವರಿಗೆ ಅದನ್ನು ಪ್ಲೇ ಸ್ಟೋರಿನಲ್ಲಿ ಅವರದೇ ರೀತಿಯಲ್ಲಿ ಹುಡುಕಲು ಹೇಳಿ, ಟೈಪ್ ಮಾಡಿದ್ದನ್ನು ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಮನೆಯಲ್ಲಿ ತೆಲುಗು ಮಾತಾಡುವವರು, ಕನ್ನಡ ಓದಲು ಬಾರದವರು ಆ ಹತ್ತರಲ್ಲಿ ಇರಲಿ. ಆ್ಯಪ್ ಇನ್ನೂ ಪ್ರಕಟವಾಗಿಲ್ಲದಿದ್ದರೂ ಚಿಂತೆಯಿಲ್ಲ. ಅವರ ಹುಡುಕಾಟಕ್ಕೆ ಈಗ ಏನೇನು ಬರುತ್ತಿದೆ ಅಂತ ಗೊತ್ತಾಗುತ್ತದಲ್ಲ, ನಿಮ್ಮ ಆ್ಯಪ್ ನಿಲ್ಲಬೇಕಾದದ್ದು ಅವುಗಳ ಪಕ್ಕದಲ್ಲೇ.

ಟ್ರೇಡ್‌ಮಾರ್ಕ್ ಹುಡುಕಾಟದಲ್ಲಿ ತಕ್ಕಡಿಗೆ ಹತ್ತಿರದ ಹೆಸರು ಅದೇ ಕೆಲಸಕ್ಕೆ ಸಿಕ್ಕರೆ ಇರಲಿ ಅಂತ ಹುಡುಗರು ಎರಡನೆಯ ಹೆಸರನ್ನೂ ಇಟ್ಟುಕೊಂಡಿದ್ದಾರೆ: ಮಂಕರಿ. ತರಕಾರಿ ಹೊರುವ ಬಿದಿರಿನ ಬುಟ್ಟಿ. ಬರೆಯುವ ಬಗೆ ಹೆಚ್ಚುಕಡಿಮೆ ಒಂದೇ, `mankari`. ಗೊಬ್ಬರ ಹೊರುವುದೂ ಅದರಲ್ಲೇ ಅಂತ ಒಬ್ಬ ಹುಡುಗನಿಗೆ ಸ್ವಲ್ಪ ಅಳುಕು. ಅದಕ್ಕೂ ಹತ್ತು ಜನಕ್ಕೆ ಫೋನ್ ಮಾಡಿ ನೋಡಿ ಅಂತ ಹೇಳಿದ್ದೇನೆ.